ಸರಳ ಸಂಗತ ಚಲನೆಯ ಪರಿಹಾರವನ್ನು ತಾಳೆ ನೋಡುವ ಕ್ರಮ: ನಿಷ್ಪನ್ನಗಳನ್ನು ಆದೇಶಿಸಿ ಪರಿಶೀಲಿಸುವ ಸಮಗ್ರ ಮಾರ್ಗದರ್ಶಿ

ಅವಕಲ ಸಮೀಕರಣವನ್ನು ಬಿಡಿಸುವುದು ಒಂದು ಕೆಲಸ, ಯಾರೋ ಕೊಟ್ಟ ಫಲನವು ಅದರ ಪರಿಹಾರ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಒಂದೊಂದು ಸಮೀಕರಣಕ್ಕೆ ಒಂದೊಂದು ಉಪಾಯ ಬೇಕಾಗುತ್ತದೆ. ಎರಡನೆಯದಕ್ಕೆ ಬೇಕಾಗುವುದು ನಿಷ್ಪನ್ನ ತೆಗೆಯುವ ನಿಯಮಗಳು ಮತ್ತು ಸ್ವಲ್ಪ ಬೀಜಗಣಿತ ಮಾತ್ರ. ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಆಂದೋಲನಗಳ ಪಾಠ ಬರುತ್ತದೆ, ದ್ವಿತೀಯ ಪಿಯುಸಿಯ ಗಣಿತದಲ್ಲಿ ಅವಕಲ ಸಮೀಕರಣಗಳ ಪಾಠ ಬರುತ್ತದೆ. ಇವೆರಡೂ ಸಂಧಿಸುವ ಜಾಗದಲ್ಲಿ, ಅಂದರೆ ಸ್ಪ್ರಿಂಗಿಗೆ ಕಟ್ಟಿದ ತುಂಡೊಂದರ ಚಲನೆಯಲ್ಲಿ, ಈ ಪರಿಶೀಲನೆಯನ್ನು ಅಂಕಿಗಳ ಸಮೇತ ನಡೆಸಿ ನೋಡೋಣ. ಉತ್ತರ ತಪ್ಪಿದಾಗ ಸಮೀಕರಣದಲ್ಲಿ ಉಳಿಯುವ ಪದವನ್ನು ಈ ಬರಹದಲ್ಲಿ ಶೇಷ ಎಂದು ಕರೆಯುತ್ತೇನೆ. ಶೇಷವು ಸೊನ್ನೆಯಾಯಿತೇ ಎಂಬುದಷ್ಟೇ ಪ್ರಶ್ನೆಯಲ್ಲ. ಸೊನ್ನೆಯಾಗದಿದ್ದಾಗ ಅದರ ರೂಪವೇ ತಪ್ಪು ಎಲ್ಲಿದೆ ಎಂದು ಹೇಳಿಬಿಡುತ್ತದೆ.

ಸಮೀಕರಣವನ್ನು ಸಿದ್ಧಪಡಿಸುವುದು

ನುಣುಪಾದ ಸಮತಲ ಮೇಜಿನ ಮೇಲೆ 0.5 ಕಿಲೋಗ್ರಾಂ ದ್ರವ್ಯರಾಶಿಯ ತುಂಡೊಂದಿದ್ದು, ಅದನ್ನು ಗೋಡೆಗೆ ಬಿಗಿದ ಸ್ಪ್ರಿಂಗಿಗೆ ಜೋಡಿಸಲಾಗಿದೆ ಎನ್ನೋಣ. ಸ್ಪ್ರಿಂಗಿನ ಬಲ ಸ್ಥಿರಾಂಕ ಮೀಟರಿಗೆ 12.5 ನ್ಯೂಟನ್. ಸಮತೋಲನ ಸ್ಥಾನದಿಂದ ತುಂಡಿನ ಸ್ಥಾನಪಲ್ಲಟವನ್ನು x ಎಂದೂ, ಕಾಲವನ್ನು t ಎಂದೂ ಬರೆದರೆ, ಹುಕ್‌ನ ನಿಯಮದ ಪ್ರಕಾರ ಸ್ಪ್ರಿಂಗ್ ತುಂಡನ್ನು −12.5x ಬಲದಿಂದ ಹಿಂದಕ್ಕೆ ಎಳೆಯುತ್ತದೆ. ನ್ಯೂಟನ್ನನ ಎರಡನೆಯ ನಿಯಮವನ್ನು ಸೇರಿಸಿದಾಗ 0.5 x'' = −12.5 x ಎಂಬ ಸಮೀಕರಣ ಸಿಗುತ್ತದೆ. ಇಲ್ಲಿ x' ಎಂದರೆ ಕಾಲವನ್ನು ಕುರಿತ ಮೊದಲ ನಿಷ್ಪನ್ನ, ಅಂದರೆ ವೇಗ. x'' ಎಂದರೆ ಎರಡನೆಯ ನಿಷ್ಪನ್ನ, ಅಂದರೆ ವೇಗೋತ್ಕರ್ಷ.

ಪರಿಶೀಲನೆಗೆ ಇಳಿಯುವ ಮೊದಲು ಎಲ್ಲ ಪದಗಳನ್ನೂ ಎಡಬದಿಗೆ ತಂದು, ಬಲಬದಿಯಲ್ಲಿ ಸೊನ್ನೆ ಮಾತ್ರ ಉಳಿಯುವಂತೆ ಬರೆದುಕೊಳ್ಳಬೇಕು. 0.5ರಿಂದ ಭಾಗಿಸಿದರೆ ನಮ್ಮ ಸಮೀಕರಣ ಹೀಗಾಗುತ್ತದೆ:

x'' + 25x = 0

ಹೀಗೆ ಬರೆಯುವುದರಿಂದ ಎರಡು ಅನುಕೂಲಗಳಿವೆ. ಎಡಬದಿಯಲ್ಲಿ ಏನು ಉಳಿಯಿತು ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕಿದರೆ ಸಾಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ವರ್ತುಲ ತರ್ಕವನ್ನು ಇದು ತಪ್ಪಿಸುತ್ತದೆ. x'' = −25x ಎಂಬ ರೂಪದಲ್ಲಿಯೇ ಸಮೀಕರಣವನ್ನು ಇಟ್ಟುಕೊಂಡವರು ಎರಡನೆಯ ನಿಷ್ಪನ್ನವನ್ನು ಲೆಕ್ಕ ಹಾಕುವ ಬದಲು ಸಮೀಕರಣದಿಂದಲೇ ಎತ್ತಿ ಬರೆದು, ಬಳಿಕ ಎರಡೂ ಬದಿಗಳು ಸಮವಾಗಿವೆ ಎಂದು ಮುಗಿಸಿಬಿಡುತ್ತಾರೆ. ಯಾವುದನ್ನು ಸಾಬೀತು ಮಾಡಬೇಕಿತ್ತೋ ಅದನ್ನೇ ಬಳಸಿಕೊಂಡ ಹಾಗಾಯಿತು. ಫಲನವನ್ನು ಇಲ್ಲಿ ಯಾರೂ ಪರೀಕ್ಷಿಸಲೇ ಇಲ್ಲ. ನಿಷ್ಪನ್ನಗಳು ಕೊಟ್ಟ ಫಲನದಿಂದ ಮಾತ್ರ ಬರಬೇಕು, ಸಮೀಕರಣದಿಂದ ಬರಕೂಡದು.

ನಿಷ್ಪನ್ನಗಳನ್ನು ತೆಗೆಯುವುದು

ಪರೀಕ್ಷೆಗೆ ನಿಲ್ಲಿಸಿದ ಫಲನ ಇದು:

x(t) = 0.03 cos 5t − 0.04 sin 5t

ಕೊಸೈನಿನ ನಿಷ್ಪನ್ನ ಋಣ ಸೈನ್, ಸೈನಿನ ನಿಷ್ಪನ್ನ ಕೊಸೈನ್. ಆದರೆ ಒಳಗೆ ಬರಿಯ t ಇಲ್ಲ, 5t ಇದೆ. ಆದ್ದರಿಂದ ಸರಪಳಿ ನಿಯಮದಂತೆ ಪ್ರತಿ ಬಾರಿ ನಿಷ್ಪನ್ನ ತೆಗೆದಾಗಲೂ 5 ಎಂಬ ಗುಣಕವೊಂದು ಹೊರಗೆ ಬರುತ್ತದೆ. ಮೊದಲ ನಿಷ್ಪನ್ನವನ್ನು ಪೂರ್ತಿಯಾಗಿ ಬರೆದುಕೊಂಡು, ಆಮೇಲೆ ಅದರ ಮೇಲೆ ಮತ್ತೊಮ್ಮೆ ಕೆಲಸ ಮಾಡಬೇಕು. ಒಂದೇ ನೆಗೆತಕ್ಕೆ ಎರಡನೆಯ ನಿಷ್ಪನ್ನಕ್ಕೆ ಹೋಗುವುದು ಕೈ ಪಳಗಿದವರಿಗೆ ಸಾಧ್ಯ, ಆದರೆ ಆರಂಭಿಕ ವೇಗವನ್ನು ತಾಳೆ ನೋಡಲು ಮೊದಲ ನಿಷ್ಪನ್ನ ಹೇಗೂ ಬೇಕಾಗುವುದರಿಂದ ಅದನ್ನು ಬಿಡುವುದರಲ್ಲಿ ಲಾಭವಿಲ್ಲ.

x'(t) = −0.15 sin 5t − 0.20 cos 5t

x''(t) = −0.75 cos 5t + 1.00 sin 5t

ಆದೇಶಿಸುವುದು

ಈಗ x ಇರುವ ಕಡೆ ಫಲನವನ್ನೂ, x'' ಇರುವ ಕಡೆ ಎರಡನೆಯ ನಿಷ್ಪನ್ನವನ್ನೂ ಆವರಣ ಸಮೇತ ಇಡಬೇಕು. ಆವರಣ ಬಿಟ್ಟರೆ 25 ಎಂಬ ಗುಣಕ ಮೊದಲ ಪದಕ್ಕೆ ಮಾತ್ರ ತಗಲಿ, ಎರಡನೆಯ ಪದ ಹಾಗೆಯೇ ಉಳಿದುಬಿಡುವ ಅಪಾಯವಿದೆ.

(−0.75 cos 5t + 1.00 sin 5t) + 25 (0.03 cos 5t − 0.04 sin 5t)

ಎರಡನೆಯ ಆವರಣವನ್ನು ಬಿಡಿಸಿದರೆ 0.75 cos 5t − 1.00 sin 5t ಆಗುತ್ತದೆ. ಕೊಸೈನ್ ಪದಗಳನ್ನು ಒಂದು ಕಡೆ, ಸೈನ್ ಪದಗಳನ್ನು ಇನ್ನೊಂದು ಕಡೆ ಕೂಡಿಸಿದಾಗ ಕೊಸೈನಿನ ಗುಣಕ −0.75 + 0.75, ಸೈನಿನ ಗುಣಕ 1.00 − 1.00. ಎರಡೂ ಸೊನ್ನೆ. ಎಡಬದಿ t ಯಾವ ಬೆಲೆಯನ್ನು ತೆಗೆದುಕೊಂಡರೂ ಸೊನ್ನೆಯೇ ಆಗಿರುವುದರಿಂದ ಇದು ನಿತ್ಯಸಮೀಕರಣ. ಕೊಟ್ಟ ಫಲನ ಪರಿಹಾರ ಹೌದು.

ಈ ಕೊನೆಯ ವಾಕ್ಯದಲ್ಲಿರುವ 't ಯಾವ ಬೆಲೆಯನ್ನು ತೆಗೆದುಕೊಂಡರೂ' ಎಂಬ ಷರತ್ತಿನ ಮೇಲೆಯೇ ಇಡೀ ಪರಿಶೀಲನೆ ನಿಂತಿದೆ. ಇದನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನು ತಪ್ಪು ಫಲನವೊಂದರಿಂದ ನೋಡಬಹುದು. x = 0.05 cos 4t ಎಂಬ ಫಲನವನ್ನು ಅದೇ ಸಮೀಕರಣಕ್ಕೆ ಒಡ್ಡಿದರೆ x'' = −0.80 cos 4t ಆಗುತ್ತದೆ, 25x ಎಂಬುದು 1.25 cos 4t ಆಗುತ್ತದೆ, ಶೇಷವಾಗಿ 0.45 cos 4t ಉಳಿಯುತ್ತದೆ. t ಸೊನ್ನೆಯಾಗಿದ್ದಾಗ ಇದು 0.45. ಆದರೆ t = π/8 ಎಂಬ ಕ್ಷಣದಲ್ಲಿ 4t ಎಂಬುದು π/2 ಆಗಿ ಕೊಸೈನ್ ಸೊನ್ನೆಯಾಗುತ್ತದೆ, ಅದರ ಜೊತೆಗೆ ಶೇಷವೂ ಸೊನ್ನೆಯಾಗುತ್ತದೆ. ಆ ಒಂದು ಕ್ಷಣವನ್ನಷ್ಟೇ ಆರಿಸಿಕೊಂಡು ಅಂಕಿಗಳನ್ನು ಹಾಕಿ ನೋಡಿದವರಿಗೆ ತಪ್ಪು ಫಲನವೂ ಸರಿ ಎಂದೇ ತೋರುತ್ತದೆ. ಇದು ಆಕಸ್ಮಿಕವೂ ಅಲ್ಲ: ತುಂಡು ಸಮತೋಲನ ಸ್ಥಾನವನ್ನು ದಾಟುವ ಕ್ಷಣದಲ್ಲಿ ಸ್ಥಾನಪಲ್ಲಟವೂ ವೇಗೋತ್ಕರ್ಷವೂ ಒಟ್ಟಿಗೆ ಸೊನ್ನೆಯಾಗುವುದರಿಂದ, ಆವೃತ್ತಿ ಎಷ್ಟೇ ತಪ್ಪಿದ್ದರೂ ಆ ಕ್ಷಣದಲ್ಲಿ ಅದು ಬಯಲಾಗುವುದಿಲ್ಲ. ಒಂದು ಕ್ಷಣದಲ್ಲಿ ಶೇಷ ಸೊನ್ನೆಯಲ್ಲ ಎಂದು ತೋರಿಸಿದರೆ ಫಲನ ಪರಿಹಾರವಲ್ಲ ಎಂದು ಸಾಬೀತಾಗುತ್ತದೆ. ಆದರೆ ಒಂದು ಕ್ಷಣದಲ್ಲಿ ಸೊನ್ನೆ ಬಂದಿತು ಎಂಬುದರಿಂದ ಪರಿಹಾರ ಎಂದು ಸಾಬೀತಾಗುವುದಿಲ್ಲ.

ಇಲ್ಲಿ ಇನ್ನೊಂದನ್ನೂ ಗಮನಿಸಬೇಕು. 0.05 ಎಂಬುದು ಪಾರ, ಅಂದರೆ ಆಂದೋಲನದ ಗರಿಷ್ಠ ಸ್ಥಾನಪಲ್ಲಟ; ಅದರ ಜಾಗದಲ್ಲಿ ಯಾವ ಪಾರವನ್ನು ಇಟ್ಟರೂ ಶೇಷ 0.45 cos 4t ಮಾದರಿಯಲ್ಲಿಯೇ ಬರುತ್ತದೆ, ಅಂದರೆ ಪಾರವನ್ನು ಬದಲಾಯಿಸಿ ಫಲನವನ್ನು ಸರಿಪಡಿಸಲು ಆಗುವುದಿಲ್ಲ. ಸಾಮಾನ್ಯವಾಗಿ A cos ωt ಎಂದು ಇಟ್ಟು ಆದೇಶಿಸಿದರೆ ಶೇಷವು (25 − ω²) A cos ωt ಆಗುತ್ತದೆ. ಇದು ಎಲ್ಲ ಕಾಲಕ್ಕೂ ಸೊನ್ನೆಯಾಗಬೇಕಾದರೆ A ಸೊನ್ನೆಯಾಗಬೇಕು, ಇಲ್ಲವೇ ω² = 25 ಆಗಬೇಕು. ಕೋನೀಯ ಆವೃತ್ತಿಯನ್ನು ಸಮೀಕರಣವೇ ನಿರ್ಧರಿಸುತ್ತದೆ, ಪಾರವನ್ನು ಅದು ಮುಟ್ಟುವುದೇ ಇಲ್ಲ. ಸ್ಪ್ರಿಂಗನ್ನು ಕಡಿಮೆ ಎಳೆದು ಬಿಟ್ಟರೂ ಹೆಚ್ಚು ಎಳೆದು ಬಿಟ್ಟರೂ ಒಂದು ಸುತ್ತಿಗೆ ಹಿಡಿಯುವ ಕಾಲ ಒಂದೇ, ನಮ್ಮ ತುಂಡಿಗೆ 2π/5, ಅಂದರೆ ಸುಮಾರು 1.26 ಸೆಕೆಂಡು, ಎಂಬ ಭೌತಿಕ ಸಂಗತಿ ಈ ಒಂದು ಸಾಲಿನ ಬೀಜಗಣಿತದಲ್ಲಿಯೇ ಅಡಗಿದೆ.

ಶೇಷವನ್ನು ಓದುವುದು

ಫಲನ ಸರಿಯಿದ್ದೂ ಲೆಕ್ಕ ತಪ್ಪುವುದು ಹೆಚ್ಚು ಸಾಮಾನ್ಯ, ಹಾಗೆ ತಪ್ಪಿದಾಗ ಶೇಷದ ಆಕಾರ ಉಪಯೋಗಕ್ಕೆ ಬರುತ್ತದೆ. ಸರಪಳಿ ನಿಯಮವನ್ನು ಎರಡು ಬಾರಿಯೂ ಮರೆತವರಿಗೆ x'' ಎಂಬುದು −x ಆಗಿ, ಶೇಷ 24x ಆಗುತ್ತದೆ. ಒಮ್ಮೆ ಮಾತ್ರ ಮರೆತವರಿಗೆ x'' ಎಂಬುದು −5x ಆಗಿ, ಶೇಷ 20x ಬರುತ್ತದೆ. ಹೀಗೆ ಮೂಲ ಫಲನದ ಸರಳ ಗುಣಕವೇ ಶೇಷವಾಗಿ ಉಳಿದಿದ್ದರೆ ಮೊದಲು ಅನುಮಾನಿಸಬೇಕಾದದ್ದು 5ರ ಗುಣಕಗಳನ್ನು. ಅದರ ಬದಲು ಸೈನ್ ಪದಗಳು ಸರಿಯಾಗಿ ವಜಾ ಆಗಿ 1.50 cos 5t ಎಂಬ ಪದವೊಂದೇ ಉಳಿದಿದ್ದರೆ, 0.75 ಮತ್ತು 0.75 ಕಳೆಯುವ ಬದಲು ಕೂಡಿಕೊಂಡಿವೆ ಎಂದರ್ಥ. ಕೊಸೈನಿನ ನಿಷ್ಪನ್ನ ತೆಗೆಯುವಾಗ ಋಣ ಚಿಹ್ನೆ ಕೈಬಿಟ್ಟುಹೋಗಿರುತ್ತದೆ.

ಅಂಕಿಗಳಿಂದ ತಾಳೆ ನೋಡುವವರು ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಇದೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಸೈನಿನ ನಿಷ್ಪನ್ನ ಕೊಸೈನ್ ಎಂಬ ನಿಯಮ ರೇಡಿಯನ್ನಿಗೆ ಮಾತ್ರ ಹೊಂದುತ್ತದೆ. ಒಂದು ಕ್ಷಣದ ಹಿಂದುಮುಂದಿನ ಮೂರು ಬೆಲೆಗಳಿಂದ ಎರಡನೆಯ ನಿಷ್ಪನ್ನವನ್ನು ಅಂದಾಜು ಮಾಡಲು x(t+h) − 2x(t) + x(t−h) ಎಂಬುದನ್ನು h² ರಿಂದ ಭಾಗಿಸುವ ರೂಢಿಯಿದೆ. h ಅನ್ನು 0.01 ಸೆಕೆಂಡು ಎಂದಿಟ್ಟು ಈ ಅಂದಾಜನ್ನು x ನಿಂದ ಭಾಗಿಸಿದರೆ ನಮ್ಮ ಫಲನಕ್ಕೆ −24.995 ಸಿಗುತ್ತದೆ, −25ಕ್ಕಿಂತ ಇಷ್ಟು ವ್ಯತ್ಯಾಸ h ಸೊನ್ನೆಯಲ್ಲದ ಕಾರಣದಿಂದ ಬಂದದ್ದು, h ಚಿಕ್ಕದಾದಂತೆ ಅದು ಕರಗುತ್ತದೆ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಅದೇ ಭಾಗಲಬ್ಧ −0.0076ರ ಆಸುಪಾಸಿಗೆ ಕುಸಿಯುತ್ತದೆ. ಅಂಥ ಅಂಕಿ ಕಂಡಾಗ ಫಲನವನ್ನು ದೂರುವ ಮೊದಲು ಪರದೆಯ ಮೂಲೆಯಲ್ಲಿರುವ DEG ಎಂಬ ಗುರುತನ್ನು ನೋಡುವುದು ಒಳ್ಳೆಯದು.

ಕೈಲೆಕ್ಕವನ್ನು ಯಂತ್ರದಿಂದ ದೃಢಪಡಿಸಿಕೊಳ್ಳಬೇಕೆಂದಿದ್ದರೆ ಪೈಥಾನಿನ ಸಿಂಪೈ ಗ್ರಂಥಾಲಯದಲ್ಲಿ ಇಷ್ಟು ಸಾಕು:

```python
import sympy as sp
t = sp.symbols('t', real=True)
R = sp.Rational
x = R(3,100)*sp.cos(5*t) - R(4,100)*sp.sin(5*t)
print(sp.simplify(sp.diff(x, t, 2) + 25*x))
```

ಉತ್ತರವಾಗಿ 0 ಬರುತ್ತದೆ. ಇಲ್ಲಿ 0.03 ಎಂದು ದಶಮಾಂಶದಲ್ಲಿ ಬರೆಯದೆ ಭಿನ್ನರಾಶಿಯಾಗಿ ಕೊಟ್ಟಿರುವುದಕ್ಕೆ ಕಾರಣವಿದೆ: ಗಣಕವು ದಶಮಾಂಶಗಳನ್ನು ಅಂದಾಜಿನಲ್ಲಿ ಇಟ್ಟುಕೊಳ್ಳುವುದರಿಂದ, ನಿಜವಾಗಿ ಸೊನ್ನೆಯಾಗಬೇಕಾದ ಗುಣಕವು ಕೆಲವೊಮ್ಮೆ ಅತ್ಯಲ್ಪ ಅಂಕಿಯಾಗಿ ಉಳಿದು ಗೊಂದಲ ಮಾಡುತ್ತದೆ.

ಆರಂಭಿಕ ಷರತ್ತುಗಳು

ಸಮೀಕರಣ ತಾಳೆಯಾದ ಮಾತ್ರಕ್ಕೆ ಈ ತುಂಡಿನ ಚಲನೆ ಇದೇ ಎಂದು ಹೇಳಲು ಬರುವುದಿಲ್ಲ. A cos 5t + B sin 5t ಎಂಬ ರೂಪದ ಯಾವ ಫಲನವೂ ಅದೇ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಎರಡನೆಯ ದರ್ಜೆಯ ಸಮೀಕರಣವಾದ್ದರಿಂದ ಎರಡು ಸ್ಥಿರಾಂಕಗಳು ಮುಕ್ತವಾಗಿ ಉಳಿಯುತ್ತವೆ. ಅವುಗಳನ್ನು ಕಟ್ಟಿಹಾಕಲು ಆರಂಭದ ಸ್ಥಾನ ಮತ್ತು ಆರಂಭದ ವೇಗ ಎರಡೂ ಬೇಕು. ತುಂಡನ್ನು 3 ಸೆಂಟಿಮೀಟರ್ ಎಳೆದು, ಸಮತೋಲನ ಸ್ಥಾನದ ಕಡೆಗೆ ಸೆಕೆಂಡಿಗೆ 0.20 ಮೀಟರ್ ವೇಗದಲ್ಲಿ ತಳ್ಳಿಬಿಡಲಾಗಿತ್ತು ಎಂದುಕೊಳ್ಳೋಣ. ನಮ್ಮ ಫಲನದಲ್ಲಿ t = 0 ಇಟ್ಟರೆ x(0) = 0.03, ಮೊದಲ ನಿಷ್ಪನ್ನದಲ್ಲಿ t = 0 ಇಟ್ಟರೆ x'(0) = −0.20. ಎರಡೂ ಹೊಂದುತ್ತವೆ. ಇದೇ ಫಲನವನ್ನು 0.05 cos(5t + 0.927) ಎಂದೂ ಬರೆಯಬಹುದು, 3, 4, 5ರ ಲಂಬಕೋನ ತ್ರಿಭುಜವನ್ನು ಬಲ್ಲವರಿಗೆ 0.05 ಎಲ್ಲಿಂದ ಬಂತು ಎಂದು ಹೇಳಬೇಕಾಗಿಲ್ಲ. ಪುಸ್ತಕದ ಕೊನೆಯಲ್ಲಿರುವ ಉತ್ತರ ತಮ್ಮ ಉತ್ತರಕ್ಕಿಂತ ಬೇರೆಯಾಗಿ ಕಂಡಾಗ ವಿದ್ಯಾರ್ಥಿಗಳು ಎದೆಗುಂದುವುದು ಬಹುಮಟ್ಟಿಗೆ ಈ ಎರಡು ರೂಪಗಳ ವ್ಯತ್ಯಾಸದಿಂದ.

ಸಮೀಕರಣವನ್ನೂ ಎರಡು ಷರತ್ತುಗಳನ್ನೂ ಪೂರೈಸುವ ಇನ್ನೊಂದು ಫಲನ ಎಲ್ಲಾದರೂ ಇರಬಹುದೇ ಎಂಬ ಸಂಶಯ ನ್ಯಾಯವಾದದ್ದು. ಅದಕ್ಕೂ ಆದೇಶದಿಂದಲೇ ಉತ್ತರ ಸಿಗುತ್ತದೆ. ಅಂಥ ಎರಡು ಫಲನಗಳಿದ್ದರೆ ಅವುಗಳ ವ್ಯತ್ಯಾಸವನ್ನು u ಎನ್ನೋಣ. ಅದೂ u'' + 25u = 0 ಎಂಬುದನ್ನು ಪೂರೈಸುತ್ತದೆ, ಮತ್ತು ಆರಂಭದಲ್ಲಿ u ಕೂಡ u' ಕೂಡ ಸೊನ್ನೆ. ಈಗ (u')² + 25u² ಎಂಬ ಮೊತ್ತದ ನಿಷ್ಪನ್ನ ತೆಗೆದರೆ 2u'(u'' + 25u) ಬರುತ್ತದೆ. ಆವರಣದೊಳಗಿನದು ಸೊನ್ನೆಯಾದ್ದರಿಂದ ಮೊತ್ತ ಬದಲಾಗುವುದಿಲ್ಲ. ಆರಂಭದಲ್ಲಿ ಸೊನ್ನೆಯಾಗಿದ್ದ ಮೊತ್ತ ಎಂದೆಂದೂ ಸೊನ್ನೆ, ಎರಡು ವರ್ಗಗಳ ಮೊತ್ತ ಸೊನ್ನೆಯಾದರೆ ಎರಡೂ ಸೊನ್ನೆ. ಆದ್ದರಿಂದ ಎರಡು ಫಲನಗಳು ಒಂದೇ. ಭೌತಶಾಸ್ತ್ರದವರು ಇದನ್ನು ಶಕ್ತಿಯ ಸಂರಕ್ಷಣೆ ಎಂದು ತಕ್ಷಣ ಗುರುತಿಸುತ್ತಾರೆ.

ಘರ್ಷಣೆ ಸೇರಿದಾಗ

ಮೇಜು ಎಣ್ಣೆಯಿಂದ ತುಂಬಿದ ತೊಟ್ಟಿಯಾಗಿದ್ದು, ವೇಗಕ್ಕೆ ಅನುಪಾತವಾಗಿ ತಡೆಯುವ ಬಲವೊಂದು ಸೇರಿದರೆ ಸಮೀಕರಣದಲ್ಲಿ ಮೊದಲ ನಿಷ್ಪನ್ನವೂ ಕಾಣಿಸಿಕೊಳ್ಳುತ್ತದೆ. ಆ ತಡೆ ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ 3 ನ್ಯೂಟನ್ ಎಂದಾದರೆ:

x'' + 6x' + 25x = 0

ಆಂದೋಲನ ಮೊದಲಿನಂತೆಯೇ ಇದ್ದು ಪಾರ ಮಾತ್ರ ಕುಗ್ಗುತ್ತ ಹೋಗುತ್ತದೆ ಎಂದು ಊಹಿಸಿ, e⁻³ᵗ cos 5t ಎಂಬ ಫಲನವನ್ನು ಪರೀಕ್ಷಿಸೋಣ. ಈಗ ಗುಣಲಬ್ಧ ನಿಯಮ ಬೇಕಾಗುವುದರಿಂದ e⁻³ᵗ ಅನ್ನು ಹೊರಗಿಟ್ಟು ಆವರಣದೊಳಗಿನ ಗುಣಕಗಳನ್ನು ಮಾತ್ರ ನೋಡಿಕೊಳ್ಳುವುದು ಸುಲಭ.

x' = e⁻³ᵗ (−3 cos 5t − 5 sin 5t)

x'' = e⁻³ᵗ (−16 cos 5t + 30 sin 5t)

ಎರಡನೆಯ ಸಾಲಿನ −16 ಎಂಬುದು 9 − 25, ಮತ್ತು 30 ಎಂಬುದು 15 + 15. ಇಲ್ಲಿ ಎರಡು ಅಡ್ಡಪದಗಳಲ್ಲಿ ಒಂದನ್ನು ಮರೆತು 15 ಎಂದು ಬರೆಯುವುದು ಅತಿ ಸಾಮಾನ್ಯವಾದ ತಪ್ಪು. ಆದೇಶಿಸಿದಾಗ ಸೈನಿನ ಗುಣಕ 30 − 30 ಆಗಿ ಸೊನ್ನೆಯಾಗುತ್ತದೆ. ಕೊಸೈನಿನ ಗುಣಕ −16 − 18 + 25, ಅಂದರೆ −9. ಶೇಷ −9 e⁻³ᵗ cos 5t. ಫಲನ ಪರಿಹಾರವಲ್ಲ.

ಆದರೆ ಶೇಷ ಏನನ್ನು ಹೇಳುತ್ತಿದೆ ಎಂದು ನೋಡಬೇಕು. ಸೈನ್ ಪದ ಪೂರ್ತಿ ವಜಾ ಆಗಿರುವುದರಿಂದ ಘಾತದಲ್ಲಿರುವ 3 ಸರಿಯಿದೆ. ಕೊಸೈನಿನಲ್ಲಿ 9 ಹೆಚ್ಚಾಗಿ ಕಳೆದುಹೋಗಿದೆ, ಮತ್ತು ಆ ಪದದಲ್ಲಿ ಋಣವಾಗಿ ಬರುವುದು ಆವೃತ್ತಿಯ ವರ್ಗ. ಆದ್ದರಿಂದ ಆ ವರ್ಗ 25ರ ಬದಲು 16 ಆಗಬೇಕು, ಆವೃತ್ತಿ 4 ಆಗಬೇಕು. e⁻³ᵗ cos 4t ಅನ್ನು ಪರೀಕ್ಷಿಸಿದರೆ x'' ನ ಆವರಣದಲ್ಲಿ −7 cos 4t + 24 sin 4t ಬರುತ್ತದೆ, 6x' ನಿಂದ −18 cos 4t − 24 sin 4t ಬರುತ್ತದೆ, 25x ನಿಂದ 25 cos 4t ಸೇರಿ ಎಲ್ಲವೂ ಸೊನ್ನೆಯಾಗುತ್ತದೆ. ಘರ್ಷಣೆಯಿಲ್ಲದ ಸಮೀಕರಣದಲ್ಲಿ ತಪ್ಪಾಗಿದ್ದ 4 ಎಂಬ ಆವೃತ್ತಿ ಇಲ್ಲಿ ಸರಿಯಾಗಿದೆ, ಅಲ್ಲಿ ಸರಿಯಾಗಿದ್ದ 5 ಇಲ್ಲಿ ತಪ್ಪಾಗಿದೆ. ತಡೆಯು ಆಂದೋಲನವನ್ನು ಕುಗ್ಗಿಸುವುದರ ಜೊತೆಗೆ ನಿಧಾನವನ್ನೂ ಮಾಡುತ್ತದೆ.

ಅಂಕಿಗಳಲ್ಲಿ ಪರೀಕ್ಷಿಸುವವರನ್ನು ಮೋಸಗೊಳಿಸುವ ಗುಣವೊಂದು ಆ ತಪ್ಪು ಫಲನದಲ್ಲಿದೆ. ಅದರ ಶೇಷದಲ್ಲಿ e⁻³ᵗ ಇರುವುದರಿಂದ 3 ಸೆಕೆಂಡು ಕಳೆಯುವಷ್ಟರಲ್ಲಿ ಶೇಷ ಸಾವಿರದ ಒಂದು ಪಾಲಿನ ಮಟ್ಟಕ್ಕೆ ಇಳಿದು, ಸೊನ್ನೆಯೇ ಆಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆದರೆ x ಕೂಡ ಅದೇ ಪ್ರಮಾಣದಲ್ಲಿ ಇಳಿದಿರುತ್ತದೆ. ಹೀಗಾಗಿ ಶೇಷವನ್ನು ಸೊನ್ನೆಯೊಂದಿಗೆ ಹೋಲಿಸುವ ಬದಲು, ಸಮೀಕರಣದ ಬಿಡಿ ಪದಗಳೊಂದಿಗೆ, ಉದಾಹರಣೆಗೆ 25x ನೊಂದಿಗೆ, ಹೋಲಿಸಬೇಕು. ಆ ಅನುಪಾತ ಇಲ್ಲಿ ಯಾವಾಗಲೂ 25ಕ್ಕೆ 9, ಎಷ್ಟು ಹೊತ್ತು ಕಾದರೂ ಕಡಿಮೆಯಾಗುವುದಿಲ್ಲ.

ಲೋಲಕ: ಹೊಂದದಿದ್ದರೂ ಕೆಲಸಕ್ಕೆ ಬರುವ ಫಲನ

ದಾರಕ್ಕೆ ಕಟ್ಟಿದ ಸರಳ ಲೋಲಕದ ಕೋನವನ್ನು θ, ದಾರದ ಉದ್ದವನ್ನು L, ಗುರುತ್ವ ವೇಗೋತ್ಕರ್ಷವನ್ನು g ಎಂದರೆ ಅದರ ಸಮೀಕರಣ θ'' + (g/L) sin θ = 0. ಪಠ್ಯಗಳಲ್ಲಿ ಇದಕ್ಕೂ ಕೊಸೈನ್ ಪರಿಹಾರವನ್ನೇ ಕೊಟ್ಟಿರುತ್ತಾರೆ. ω² = g/L ಎಂದಿಟ್ಟು θ = θ₀ cos ωt ಅನ್ನು ಆದೇಶಿಸಿದರೆ θ'' ಎಂಬುದು −(g/L)θ ಆಗಿ, ಶೇಷ (g/L)(sin θ − θ) ಉಳಿಯುತ್ತದೆ. θ ಸೊನ್ನೆಯಲ್ಲದ ಯಾವ ಕ್ಷಣದಲ್ಲಿಯೂ ಇದು ಸೊನ್ನೆಯಲ್ಲ. ಕಟ್ಟುನಿಟ್ಟಾಗಿ ಹೇಳುವುದಾದರೆ ಪಠ್ಯದ ಫಲನ ಲೋಲಕದ ಸಮೀಕರಣದ ಪರಿಹಾರವೇ ಅಲ್ಲ, sin θ ಜಾಗದಲ್ಲಿ θ ಇಟ್ಟ ಇನ್ನೊಂದು ಸಮೀಕರಣದ ಪರಿಹಾರ.

ಇಲ್ಲಿಯೂ ಹೋಲಿಕೆಯೇ ದಾರಿ. ಲೋಲಕವನ್ನು 0.1 ರೇಡಿಯನ್, ಅಂದರೆ ಸುಮಾರು 5.7 ಡಿಗ್ರಿ ಎಳೆದರೆ sin 0.1 ಎಂಬುದು 0.09983, ತುದಿಯಲ್ಲಿಯೂ ಶೇಷವು (g/L)θ ಎಂಬ ಪದದ ಶೇಕಡಾ 0.17ರಷ್ಟು ಮಾತ್ರ. ಪ್ರಯೋಗಾಲಯದ ಸ್ಟಾಪ್‌ವಾಚಿಗೆ ಇದು ಕಾಣುವುದಿಲ್ಲ. 60 ಡಿಗ್ರಿ ಎಳೆದರೆ θ ಎಂಬುದು 1.047, ಅದರ ಸೈನ್ 0.866, ಶೇಷ ಶೇಕಡಾ 17ರಷ್ಟಾಗುತ್ತದೆ. ಅಲ್ಲಿ ಕೊಸೈನ್ ಫಲನವನ್ನು ಬಳಸುವಂತಿಲ್ಲ, ಆವರ್ತಕಾಲವೂ ಪಾರವನ್ನು ಅವಲಂಬಿಸತೊಡಗುತ್ತದೆ. ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ 1673ರಲ್ಲಿ ಪ್ರಕಟಿಸಿದ ಉಪಾಯ ಈ ಶೇಷವನ್ನೇ ಇಲ್ಲವಾಗಿಸುತ್ತದೆ. ದಾರವು ಬಾಗಿದ ಎರಡು ಕೆನ್ನೆಗಳ ನಡುವೆ ತೂಗುತ್ತ ಅವುಗಳಿಗೆ ಸುತ್ತಿಕೊಳ್ಳುವಂತೆ ಮಾಡಿ, ಗುಂಡು ವೃತ್ತದ ಬದಲು ಸೈಕ್ಲಾಯ್ಡ್ ಎಂಬ ವಕ್ರರೇಖೆಯ ಮೇಲೆ ಚಲಿಸುವಂತೆ ಅವನು ವಿನ್ಯಾಸ ಮಾಡಿದ. ಆ ರೇಖೆಯ ತಳದಿಂದ ಅಳೆದ ಉದ್ದವನ್ನು s ಎಂದೂ, ಆ ರೇಖೆಯನ್ನು ಎಳೆಯುವ ಚಕ್ರದ ತ್ರಿಜ್ಯವನ್ನು a ಎಂದೂ ಇಟ್ಟರೆ ಸಮೀಕರಣ s'' + (g/4a) s = 0 ಆಗುತ್ತದೆ. ಇದಕ್ಕೆ ω² = g/4a ಎಂದಿಟ್ಟು s₀ cos ωt ಅನ್ನು ಆದೇಶಿಸಿ ನೋಡಿದರೆ, ಗಾಳಿಯ ತಡೆಯನ್ನು ಬದಿಗಿಟ್ಟಾಗ, ಎಳೆತ ದೊಡ್ಡದಿದ್ದರೂ ಚಿಕ್ಕದಿದ್ದರೂ ಎಡಬದಿಯಲ್ಲಿ ಏನೂ ಉಳಿಯುವುದಿಲ್ಲ.